ಒಂದು ಜೇಬಿಗೆ ಎಷ್ಟು ಸೆಕೆಂಡು?

ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅಂಗಿಗೆ ಜೇಬು ಹೊಲಿಯುವಾಕೆಯ ಕೆಲಸವನ್ನು ಸ್ಟಾಪ್‌ವಾಚಿನಿಂದ ಹಲವು ಸಲ ಅಳೆದಾಗ ಸರಾಸರಿ 40 ಸೆಕೆಂಡು ಬಂತೆನ್ನಿ. ಹಾಗಾದರೆ ಎಲ್ಲರಿಗೂ ಗಂಟೆಗೆ 90 ಜೇಬಿನ ಗುರಿ ಕೊಡಬಹುದೇ? ಕೂಡದು.

ಆಕೆಯದು ಪಳಗಿದ ಕೈ. ಸಾಧಾರಣ ವೇಗ 100 ಆದರೆ ಆಕೆಯದು 120. ಆದ್ದರಿಂದ 40ನ್ನು 1.2ರಿಂದ ಗುಣಿಸಬೇಕು, 48 ಸೆಕೆಂಡು. ಇದಕ್ಕೆ ನೀರು, ಶೌಚಕ್ಕೆಂದು ಶೇ 5, ದಣಿವಿಗೆ ಶೇ 4, ನೂಲು ತುಂಡಾಗುವಂಥ ಅಡಚಣೆಗಳಿಗೆ ಶೇ 6 ಸೇರಿಸಿದರೆ ಸುಮಾರು 55 ಸೆಕೆಂಡು. ಇದೇ ಪ್ರಮಾಣಿತ ಕಾಲ. ಗಂಟೆಗೆ 65 ಜೇಬು.

ಆದರೆ ವೇಗದ ಅಂಕಿಯನ್ನು ಗಡಿಯಾರ ಹೇಳದು. ಅದು ಅಳೆಯುವವರ ಕಣ್ಣಂದಾಜು. ಆಕೆಯ ವೇಗವನ್ನು 100 ಎಂದೇ ಬರೆದುಬಿಟ್ಟರೆ ಗುರಿ 78ಕ್ಕೆ ಏರುತ್ತದೆ. ಪಳಗಿದ ಕೆಲಸಗಾರರಲ್ಲೂ ಹೆಚ್ಚಿನವರು ಗುರಿ ಮುಟ್ಟದಿದ್ದರೆ, ಅವರನ್ನು ಗದರುವ ಮೊದಲು ಆ ಅಂಕಿಯನ್ನು ಮತ್ತೆ ನೋಡಬೇಕು.