ಗುದದ ಬಳಿ ದಿಢೀರ್ ಗಂಟು: ಕತ್ತರಿಸಬೇಕೇ, ಕಾಯಬೇಕೇ?

ಮೂವತ್ತೈದರ ಆಸುಪಾಸಿನ ಒಬ್ಬ ಲಾರಿ ಚಾಲಕನ ಉದಾಹರಣೆ ತೆಗೆದುಕೊಳ್ಳೋಣ. ಎರಡು ದಿನ ಬಿಡುವಿಲ್ಲದ ಓಡಾಟ, ಕುಡಿದ ನೀರು ಕಡಿಮೆ. ಬುಧವಾರ ಬೆಳಿಗ್ಗೆ ಗಟ್ಟಿ ಮಲ, ತಿಣುಕಿದ್ದೂ ಹೆಚ್ಚು. ಸಂಜೆಗೆ ಗುದದ್ವಾರದ ಅಂಚಿನಲ್ಲಿ ಏನೋ ಒತ್ತಿದಂತಾಯಿತು, ಕೈಯಾಡಿಸಿದರೆ ಬಿಗಿಯಾದ ಗಂಟು. ಗುರುವಾರ ರಾತ್ರಿ ಕೂರಲೂ ಆಗಲಿಲ್ಲ, ಮಲಗಲೂ ಆಗಲಿಲ್ಲ. ಹಿಂದೆಂದೂ ಮೂಲವ್ಯಾಧಿ ಇರದವರಿಗೂ ಹೀಗಾಗಬಹುದು. ಕ್ಯಾನ್ಸರ್ ಇರಬಹುದೇ ಎಂಬ ಭಯ ಮೊದಲು ಹುಟ್ಟುತ್ತದೆ, ತೋರಿಸಿಕೊಳ್ಳಲು ನಾಚಿಕೆ ಅದರ ಬೆನ್ನಿಗೇ ಬರುತ್ತದೆ.

ಗುದದ್ವಾರದ ಸುತ್ತಲಿನ ಚರ್ಮದ ಕೆಳಗೆ ಸಣ್ಣ ರಕ್ತನಾಳಗಳ ಜಾಲವಿದೆ. ತಿಣುಕಿದಾಗ, ಭಾರ ಎತ್ತಿದಾಗ, ಹೆರಿಗೆಯ ಸಮಯದಲ್ಲಿ ಅಲ್ಲಿ ಒತ್ತಡ ಏರಿ ರಕ್ತ ಹೆಪ್ಪುಗಟ್ಟುತ್ತದೆ. ಚರ್ಮ ಉಬ್ಬಿ, ನೇರಳೆ ಹಣ್ಣಿನ ಬಣ್ಣದ ಗಂಟು ಕಾಣಿಸುತ್ತದೆ. ಒಳಗಿನ ಮೂಲವ್ಯಾಧಿ ಸಾಮಾನ್ಯವಾಗಿ ನೋವಿಲ್ಲದೆ ರಕ್ತ ಸುರಿಸುತ್ತದೆ, ಏಕೆಂದರೆ ಅಲ್ಲಿನ ಒಳಪದರಕ್ಕೆ ಚುಚ್ಚು ನೋವು ತಿಳಿಯುವ ನರಗಳಿಲ್ಲ. ಹೊರಗಿನ ಚರ್ಮದಲ್ಲಿ ಅಂಥ ನರಗಳು ದಟ್ಟವಾಗಿವೆ. ಗಂಟು ಚಿಕ್ಕದಾಗಿದ್ದರೂ ನೋವು ಅಷ್ಟು ತೀವ್ರವಾಗಿರುವುದು ಅದಕ್ಕೇ. ಈ ಹೆಪ್ಪು ಹೃದಯಕ್ಕೋ ಶ್ವಾಸಕೋಶಕ್ಕೋ ಹರಿದುಹೋಗುವ ಜಾತಿಯದಲ್ಲ, ರಕ್ತ ತೆಳುಗೊಳಿಸುವ ಮಾತ್ರೆಯೂ ಬೇಕಿಲ್ಲ.

ಚಿಕಿತ್ಸೆಯ ದಾರಿ ಬಹುಮಟ್ಟಿಗೆ ನೋವು ಶುರುವಾಗಿ ಎಷ್ಟು ಹೊತ್ತಾಯಿತು ಎಂಬುದರ ಮೇಲೆ ನಿಂತಿದೆ. ನೋವು ಮೊದಲ ಎರಡು ಮೂರು ದಿನ ಏರುತ್ತದೆ, ಆಮೇಲೆ ತಾನಾಗಿ ಇಳಿಯತೊಡಗುತ್ತದೆ. ವಾರ ಹತ್ತು ದಿನಗಳಲ್ಲಿ ಬಹುಪಾಲು ಹೋಗುತ್ತದೆ. ಗಂಟು ಪೂರ್ತಿ ಕರಗಲು ಕೆಲವು ವಾರಗಳೇ ಬೇಕು. ಹೀಗಾಗಿ 72 ಗಂಟೆಯೊಳಗೆ ಬಂದು, ನೋವು ತಡೆಯಲಾಗದಷ್ಟಿದ್ದರೆ ಕತ್ತರಿಸಿ ತೆಗೆಯುವುದು ಉಪಯುಕ್ತ. ಆ ಗಡಿ ದಾಟಿ, ನೋವು ಇಳಿಮುಖವಾಗಿದ್ದರೆ ಕತ್ತರಿಸಿದ ಗಾಯದ ನೋವೇ ಗಂಟಿನ ನೋವಿಗಿಂತ ಹೆಚ್ಚಾದೀತು.

ನಮ್ಮ ಚಾಲಕ ಶುಕ್ರವಾರ ಬೆಳಿಗ್ಗೆ ಬಂದಿದ್ದಾರೆ, ನೋವು ಇನ್ನೂ ಏರುತ್ತಿದೆ. ಕತ್ತರಿಸುವುದು ಸರಿ. ಮಗ್ಗುಲಾಗಿ ಮಲಗಿಸಿ ಗಂಟಿನ ಬುಡಕ್ಕೆ ಮರವಳಿಕೆ ಚುಚ್ಚುಮದ್ದು ಕೊಡುತ್ತಾರೆ. ಆ ಸೂಜಿಯ ಉರಿ ಕೆಲವು ಕ್ಷಣಗಳದು, ಆದರೆ ಜೋರು. ಬಳಿಕ ಗಂಟಿನ ಮೇಲಿನ ಚರ್ಮವನ್ನು ಸೀಳು ಬಾದಾಮಿ ಆಕಾರದಲ್ಲಿ ತೆಗೆದು, ಹೆಪ್ಪನ್ನೂ ಅದು ಕಟ್ಟಿಕೊಂಡ ನಾಳವನ್ನೂ ಒಟ್ಟಿಗೆ ಹೊರತೆಗೆಯುತ್ತಾರೆ. ಬರೀ ಸಣ್ಣ ಗೀರು ಹಾಕಿ ಹಿಂಡಿದರೆ ಸಾಲದು. ಹೆಪ್ಪು ಹಲವು ಪುಟ್ಟ ಗೂಡುಗಳಲ್ಲಿ ಹಂಚಿಕೊಂಡಿರುತ್ತದೆ, ಗೀರಿನ ಅಂಚು ಕೂಡಿಕೊಂಡು ರಕ್ತ ಮತ್ತೆ ಅಲ್ಲೇ ಕಟ್ಟುತ್ತದೆ. ಗಾಯವನ್ನು ಸಾಮಾನ್ಯವಾಗಿ ತೆರೆದೇ ಬಿಡುತ್ತಾರೆ. ಅದೇ ದಿನ ಮನೆಗೆ ಹೋಗಬಹುದು. ಕೆಲವು ದಿನ ಬಟ್ಟೆಗೆ ಒಂದಿಷ್ಟು ರಕ್ತ ತಾಗುವುದು ಸಹಜ.

ಅವರೇ ಸೋಮವಾರ ಬಂದಿದ್ದರೆ? ಆಗ ಕಾಯುವುದೇ ಚಿಕಿತ್ಸೆ. ಅಗಲ ಟಬ್‌ನಲ್ಲಿ ಹದವಾದ ಬಿಸಿನೀರು ಹಾಕಿ ದಿನಕ್ಕೆ ಎರಡು ಮೂರು ಸಲ, 10ರಿಂದ 15 ನಿಮಿಷ ಕೂರಬೇಕು. ಪ್ಯಾರಸಿಟಮಾಲ್ ಮತ್ತು ಲಿಗ್ನೊಕೇನ್ ಮುಲಾಮು ನೋವು ತಗ್ಗಿಸುತ್ತವೆ. ಟ್ರಮಡಾಲ್‌ನಂಥ ಬಲವಾದ ನೋವಿನ ಮಾತ್ರೆಗಳನ್ನು ಆದಷ್ಟು ದೂರ ಇಡುವುದು ಒಳ್ಳೆಯದು, ಅವು ಮಲ ಕಟ್ಟಿಸಿ ಮತ್ತೆ ತಿಣುಕುವಂತೆ ಮಾಡುತ್ತವೆ. ಇಸಬ್‌ಗೋಲ್ ತೆಗೆದುಕೊಂಡರೆ ಧಾರಾಳ ನೀರೂ ಕುಡಿಯಬೇಕು, ಇಲ್ಲದಿದ್ದರೆ ಮಲ ಇನ್ನಷ್ಟು ಗಟ್ಟಿಯಾಗುತ್ತದೆ. ಗಂಟನ್ನು ಒಳಗೆ ತಳ್ಳಲು ಹೋಗಬಾರದು. ಒಳಗಿನಿಂದ ಜಾರಿಬಂದ ಮೂಲವ್ಯಾಧಿಯನ್ನು ತಳ್ಳಬಹುದು, ಇದು ಹುಟ್ಟಿದ್ದೇ ಹೊರಗೆ. ಕೆಲವೊಮ್ಮೆ ಚರ್ಮ ತಾನಾಗಿ ಒಡೆದು ಕಪ್ಪು ರಕ್ತ ಹೊರಬರುತ್ತದೆ, ನೋವೂ ಥಟ್ಟನೆ ಇಳಿಯುತ್ತದೆ. ಶುಭ್ರ ಬಟ್ಟೆಯಿಂದ ಒತ್ತಿ ಹಿಡಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಬೇಕು.

ಮನೆಯಲ್ಲಿ ಸೂಜಿ ಚುಚ್ಚುವುದು, ರಸ್ತೆಬದಿಯ ಫಲಕ ನೋಡಿ ಮೂಲವ್ಯಾಧಿಗೆಂದು ಸುಡುವ ಔಷಧಿ ಹಚ್ಚಿಸಿಕೊಳ್ಳುವುದು ನಿಜಕ್ಕೂ ಅಪಾಯ. ಗಂಟು ಇದೇ ಎಂದು ಖಚಿತವಾಗದೆ ಕೈ ಹಾಕಬಾರದು. ಜ್ವರ, ಬಿಸಿಯಾಗಿ ಕೆಂಪಾದ ಊತ, ನಾಲ್ಕನೇ ದಿನದ ಮೇಲೂ ಏರುತ್ತಲೇ ಇರುವ ಮಿಡಿತದ ನೋವು ಇದ್ದರೆ ಅದು ಕೀವುಗಟ್ಟಿದ ಹುಣ್ಣಿರಬಹುದು. ಅದಕ್ಕೆ ಅದೇ ದಿನ ಶಸ್ತ್ರವೈದ್ಯರು ಬೇಕು, ಮಧುಮೇಹಿಗಳಿಗಂತೂ ತಡವೇ ಸಲ್ಲ. ಗಂಟಿಲ್ಲದೆ ಮಲ ಹೋಗುವಾಗ ಸೀಳಿದಂತೆ ನೋವಾದರೆ ಬಿರುಕಿನ ಸಾಧ್ಯತೆ ಹೆಚ್ಚು. ವಾರಗಳು ಕಳೆದರೂ ಕುಗ್ಗದ ಗಡಸು ಗಂಟು, ಮಲದಲ್ಲಿ ಬೆರೆತ ರಕ್ತ, ಕಾರಣವಿಲ್ಲದೆ ಇಳಿಯುವ ತೂಕ ಇದ್ದರೆ ಒಳಗಿನ ಪರೀಕ್ಷೆ ಮಾಡಿಸಲೇಬೇಕು. ಗಂಟು ಕರಗಿದ ಜಾಗದಲ್ಲಿ ಸಡಿಲವಾದ ಚರ್ಮದ ತುಣುಕು ಉಳಿಯುವುದುಂಟು. ತೊಳೆಯಲು ತೊಂದರೆಯಾಗದಿದ್ದರೆ ಅದನ್ನು ಹಾಗೇ ಬಿಡಬಹುದು.