ಬೇರು ಮತ್ತು ನರ ಅಡ್ಡಹಾಯುವ ಜಾಗ

ಬುದ್ಧಿಹಲ್ಲಿನ ನೋವೆಂದು ದಂತವೈದ್ಯರ ಬಳಿ ಹೋದರೆ ಬಾಯಿ ನೋಡಿದ ಮೇಲೆ ಅವರು ಬರೆದುಕೊಡುವುದು ಸಾಮಾನ್ಯವಾಗಿ ಒಂದೇ ಮಾತು: ಓಪಿಜಿ ತೆಗೆಸಿಕೊಂಡು ಬನ್ನಿ. ಸ್ಕ್ಯಾನ್ ಸೆಂಟರಿನಲ್ಲಿ ಓಲೆ, ಸರ, ತಲೆಯ ಪಿನ್ನು ತೆಗೆದಿಟ್ಟು, ಪ್ಲಾಸ್ಟಿಕ್ ಕಡ್ಡಿಯ ಗೀರಿನಲ್ಲಿ ಮುಂದಿನ ಹಲ್ಲುಗಳನ್ನು ಕಚ್ಚಿ ಅಲುಗದೆ ನಿಂತರೆ ಯಂತ್ರ ತಲೆಯನ್ನು ಬಳಸಿ ಒಮ್ಮೆ ತಿರುಗುತ್ತದೆ. ಹೆಚ್ಚೆಂದರೆ 20 ಸೆಕೆಂಡಿನ ಕೆಲಸ. ಬಾಗಿದ ದವಡೆಯನ್ನು ಬಿಡಿಸಿ ಚಪ್ಪಟೆಯಾಗಿ ಹಾಸಿದಂಥ ಚಿತ್ರವೊಂದು ಕೈಗೆ ಬರುತ್ತದೆ. ಫಿನ್ಲೆಂಡಿನ ದಂತವೈದ್ಯ ಯರ್ಯೋ ಪಾಟೆರೊ ಈ ವಿಧಾನವನ್ನು ಬೆಳೆಸಿದ್ದು 1940ರ ದಶಕದ ಕೊನೆ ಮತ್ತು 1950ರ ದಶಕದಲ್ಲಿ. ಇದರ ವಿಕಿರಣದ ಪ್ರಮಾಣ ಅಲ್ಪ. ನಿಸರ್ಗದಿಂದಲೇ ನಮ್ಮ ಮೈಗೆ ಕೆಲವು ದಿನಗಳಲ್ಲಿ ತಾಗುವಷ್ಟು.

ಹಲ್ಲು ಕೀಳಲು ಇಷ್ಟೆಲ್ಲ ಯಾಕೆ ಎಂಬ ಪ್ರಶ್ನೆಗೆ ಉತ್ತರ ಕೆಳದವಡೆಯ ಒಳಗಿದೆ. ಅಲ್ಲೊಂದು ನರ ಹರಿಯುತ್ತದೆ. ದವಡೆಯ ಹಿಂಭಾಗದ, ನಾಲಿಗೆ ಕಡೆಯ ಒಂದು ರಂಧ್ರದಿಂದ ಅದು ಮೂಳೆಯೊಳಕ್ಕೆ ಇಳಿಯುತ್ತದೆ. ದವಡೆಹಲ್ಲುಗಳ ಬೇರಿನ ಕೆಳಗೆ ಒಂದು ನಾಳದಲ್ಲಿ ಮುಂದೆ ಸಾಗುತ್ತದೆ. ಕೋರೆಹಲ್ಲಿನ ಹಿಂದಿನ ಸಣ್ಣ ದವಡೆಹಲ್ಲುಗಳ ಹತ್ತಿರ ಇನ್ನೊಂದು ರಂಧ್ರದಿಂದ ಹೊರಬಂದು ಆ ಬದಿಯ ಕೆಳತುಟಿಗೂ ಗದ್ದದ ಚರ್ಮಕ್ಕೂ ಸ್ಪರ್ಶಜ್ಞಾನ ಕೊಡುತ್ತದೆ. ಹಲ್ಲು ಕೀಳುವಾಗ ಈ ನರ ಜಜ್ಜಿದರೆ ತುಟಿ ಮರಗಟ್ಟುತ್ತದೆ. ಮುಖ ಸೊಟ್ಟಗಾಗುವುದಿಲ್ಲ, ಏಕೆಂದರೆ ತುಟಿಯನ್ನು ಆಡಿಸುವ ನರ ಬೇರೆ. ಆದರೆ ಕಾಫಿ ಸುಟ್ಟರೂ ತಿಳಿಯುವುದಿಲ್ಲ, ಅನ್ನದ ಅಗುಳು ತುಟಿಗಂಟಿದರೂ ಗೊತ್ತಾಗುವುದಿಲ್ಲ, ಕೆಲವರಿಗೆ ಸದಾ ಚುಮುಚುಮು ಉರಿ. ತಾತ್ಕಾಲಿಕವಾಗಿ ಹೀಗಾಗುವುದು ನೂರಕ್ಕೆ ಕೆಲವರಿಗೆ ಮಾತ್ರ. ಶಾಶ್ವತವಾಗಿ ಉಳಿಯುವುದು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಹಲ್ಲಿನ ಬೇರು ನರಕ್ಕೆ ಅಂಟಿಕೊಂಡಿದ್ದರೆ ಮಾತ್ರ ಈ ಲೆಕ್ಕ ಬಹಳ ಏರುತ್ತದೆ. ಹಾಗೆ ಅಂಟಿಕೊಂಡಿರುವವರು ಯಾರು ಎಂದು ಮೊದಲೇ ಗುರುತಿಸುವುದೇ ಓಪಿಜಿ ಓದುವವರ ಮುಖ್ಯ ಹೊಣೆ.

ಚಿತ್ರ ಹಿಡಿದಾಗ ಮೊದಲು ನೆನಪಿಡಬೇಕಾದದ್ದು ಎಡಬಲ. ರೋಗಿ ನಮ್ಮೆದುರು ನಿಂತಂತೆ ಚಿತ್ರ ಇರುತ್ತದೆ. ಅವರ ಬಲಭಾಗ ನಮ್ಮ ಎಡಗೈ ಕಡೆ. ಹಲ್ಲುಗಳಿಗೆ ಎರಡಂಕಿಯ ಹೆಸರಿದೆ: ಮೊದಲ ಅಂಕಿ ಬಾಯಿಯ ಯಾವ ಕಾಲುಭಾಗ ಎಂದೂ, ಎರಡನೆಯದು ನಡುವಿನಿಂದ ಎಷ್ಟನೆಯ ಹಲ್ಲು ಎಂದೂ ಹೇಳುತ್ತದೆ. ಎಂಟನೆಯದೇ ಬುದ್ಧಿಹಲ್ಲು. ಕೆಳಗಿನ ಬಲಭಾಗದ್ದು 48, ಎಡಭಾಗದ್ದು 38. ರಿಪೋರ್ಟಿನಲ್ಲಿ ಕಾಣುವುದು ಈ ಅಂಕಿಗಳೇ.

ಆಮೇಲೆ ಚಿತ್ರ ಸರಿಯಾಗಿ ಬಂದಿದೆಯೇ ಎಂದು ನೋಡಬೇಕು. ಈ ಯಂತ್ರ ಸ್ಪಷ್ಟವಾಗಿ ಹಿಡಿಯುವುದು ಕುದುರೆಲಾಳದ ಆಕಾರದ ಒಂದು ಕಿರಿದಾದ ಪಟ್ಟಿಯನ್ನು ಮಾತ್ರ. ಹಲ್ಲುಗಳು ಆ ಪಟ್ಟಿಯಿಂದ ಹಿಂದೆಮುಂದೆ ಸರಿದರೆ ಮುಂದಿನ ಹಲ್ಲುಗಳು ಅಗಲವಾಗಿ ಅಥವಾ ಸಪೂರವಾಗಿ ಮಸುಕಾಗುತ್ತವೆ. ಓಲೆ ತೆಗೆಯದಿದ್ದರೆ ಅದರ ಮಬ್ಬು ನೆರಳು ಎದುರು ಬದಿಯಲ್ಲಿ, ತುಸು ಮೇಲೆ ಬಿದ್ದು ಆ ಜಾಗವನ್ನೇ ಮುಚ್ಚಿಬಿಡುತ್ತದೆ. ಮಸುಕಾದ ಚಿತ್ರದಲ್ಲಿ ನರದ ಬಗ್ಗೆ ತೀರ್ಪು ಕೊಡುವುದಕ್ಕಿಂತ ಮತ್ತೊಮ್ಮೆ ತೆಗೆಸುವುದು ಲೇಸು. ಇನ್ನೊಂದು ಮಿತಿಯೂ ಇದೆ. ಇಲ್ಲಿ ಎಲ್ಲವೂ ಇದ್ದದ್ದಕ್ಕಿಂತ ಸುಮಾರು ಐದನೇ ಒಂದು ಭಾಗದಷ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ದೊಡ್ಡದಾಗಿ ಕಾಣುತ್ತದೆ. ಅದೂ ಎಲ್ಲೆಡೆ ಒಂದೇ ಸಮವಾಗಿ ಅಲ್ಲ. ಸ್ಕೇಲು ಇಟ್ಟು ಅಳೆದ ಮಿಲಿಮೀಟರನ್ನು ನಂಬುವಂತಿಲ್ಲ.

ಬುದ್ಧಿಹಲ್ಲಿನ ಭಂಗಿ ತಿಳಿಯಲು ಅದರ ಮುಂದಿನ ಹಲ್ಲೇ ಅಳತೆಗೋಲು. ಏಳನೆಯ ಹಲ್ಲು ನಿಂತ ದಿಕ್ಕಿಗೆ ಎಂಟನೆಯದು ಸಮಾನಾಂತರವಾಗಿದ್ದರೆ ನೆಟ್ಟಗಿದೆ ಎನ್ನುತ್ತಾರೆ. ಅದು ಮುಂದಕ್ಕೆ ವಾಲಿರಬಹುದು, ಅಡ್ಡ ಮಲಗಿರಬಹುದು, ಹಿಂದಕ್ಕೂ ವಾಲಿರಬಹುದು. ಹಿಂದಕ್ಕೆ ವಾಲಿದ್ದು ನೋಡಲು ಅಷ್ಟೇನೂ ಕಷ್ಟದ್ದೆನಿಸುವುದಿಲ್ಲ, ಕೀಳುವಾಗ ಮಾತ್ರ ಸತಾಯಿಸುತ್ತದೆ. ಅದು ಹೊರಬರಬೇಕಾದ ದಾರಿಗೆ ದವಡೆಯ ಹಿಂಬದಿಯ ಮೂಳೆಯೇ ಅಡ್ಡ. ಹಲ್ಲು ಎಷ್ಟು ಆಳದಲ್ಲಿ ಹುದುಗಿದೆ, ಏಳನೆಯ ಹಲ್ಲಿಗೂ ಹಿಂಬದಿಯ ಮೂಳೆಗೂ ನಡುವೆ ಜಾಗ ಎಷ್ಟಿದೆ ಎಂಬುದನ್ನೂ ಇದರ ಜೊತೆಗೇ ನೋಡುತ್ತಾರೆ.

ಈಗ ನರದ ಮಾತು. ಎಕ್ಸ್-ರೇಯಲ್ಲಿ ನರ ಕಾಣುವುದಿಲ್ಲ. ಕಾಣುವುದು ಅದು ಹರಿಯುವ ನಾಳ. ಕಪ್ಪು ಪಟ್ಟಿಯೊಂದು, ಅದರ ಮೇಲಂಚಿಗೂ ಕೆಳಅಂಚಿಗೂ ತೆಳುವಾದ ಬಿಳಿಗೆರೆ. ಆ ಗೆರೆಗಳು ನಾಳದ ಗಟ್ಟಿ ಮೂಳೆಗೋಡೆಯ ನೆರಳು. ಹಲ್ಲುಗಳ ಗೊಂದಲದಲ್ಲಿ ನಾಳ ಕಣ್ಣಿಗೆ ಬೀಳದಿದ್ದರೆ ಎರಡು ತುದಿಯಿಂದ ಹೊರಡಬೇಕು: ಹಿಂದೆ ನರ ಒಳಹೋಗುವ ರಂಧ್ರ, ಮುಂದೆ ಹೊರಬರುವ ರಂಧ್ರ. ಮುಂದಿನ ಈ ರಂಧ್ರ ಬೇರಿನ ತುದಿಯಲ್ಲಿ ದುಂಡಗೆ ಕಪ್ಪಾಗಿ ಕಂಡು ಕೀವಿನ ಗಂಟೆಂಬ ಭ್ರಮೆ ಹುಟ್ಟಿಸುವುದೂ ಉಂಟು.

ಬಹಳ ಜನರ ಚಿತ್ರದಲ್ಲಿ ಬುದ್ಧಿಹಲ್ಲಿನ ಬೇರು ಈ ನಾಳದ ಮೇಲೆ ಬಿದ್ದಂತೆ ಕಾಣುತ್ತದೆ. ಅದನ್ನು ಕಂಡೇ ಗಾಬರಿಯಾಗುತ್ತಾರೆ. ಆದರೆ ಇದು ಆಳವಿಲ್ಲದ ಚಿತ್ರ. ತೆಂಗಿನಮರದ ಫೋಟೊದಲ್ಲಿ ಹತ್ತಡಿ ಮುಂದೆ ಹಾದ ಕರೆಂಟಿನ ತಂತಿ ಮರಕ್ಕೇ ತಾಗಿದಂತೆ ಕಾಣುತ್ತದಲ್ಲ, ಹಾಗೆ. ನರ ಬೇರಿನ ಕೆನ್ನೆ ಕಡೆಗೋ ನಾಲಿಗೆ ಕಡೆಗೋ ಸಾಕಷ್ಟು ದೂರದಲ್ಲಿ ಹಾದುಹೋಗುತ್ತಿರಬಹುದು. ಆದ್ದರಿಂದ ಬೇರೂ ನಾಳವೂ ಒಂದರ ಮೇಲೊಂದು ಬಿದ್ದಿವೆಯೇ ಎಂದು ಕೇಳಿ ಪ್ರಯೋಜನ ಕಡಿಮೆ. ಅಡ್ಡಹಾಯುವ ಜಾಗದಲ್ಲಿ ಗೆರೆಗಳಿಗೆ ಏನಾಯಿತು ಎಂದು ಕೇಳಬೇಕು.

ಬಿಳಿಗೆರೆಗಳೆರಡೂ ಬೇರಿನ ನೆರಳಿನ ಮೂಲಕವೂ ಮುರಿಯದೆ ಸಾಗಿದ್ದರೆ, ಬೇರಿನ ಬಣ್ಣ ಬದಲಾಗದಿದ್ದರೆ, ಅದು ಬರಿಯ ನೆರಳಾಟವಾಗಿರುವ ಸಂಭವವೇ ಹೆಚ್ಚು. 1990ರಲ್ಲಿ ರೂಡ್ ಮತ್ತು ಶೆಹಾಬ್ ಎಂಬ ಇಬ್ಬರು ಇಂಥ ಏಳು ಚಿಹ್ನೆಗಳನ್ನು ಪರಿಶೀಲಿಸಿ ಪ್ರಕಟಿಸಿದರು. ಶಸ್ತ್ರಕ್ರಿಯೆಯ ನಂತರದ ನರದ ಗಾಯಕ್ಕೂ ಅವುಗಳಲ್ಲಿ ಮೂರಕ್ಕೂ ಗಟ್ಟಿಯಾದ ನಂಟು ಕಂಡುಬಂತು. ಇಂದಿಗೂ ವೈದ್ಯರು ಹುಡುಕುವುದು ಆ ಮೂರನ್ನೇ. ಒಂದು, ನಾಳ ದಾಟುವ ಜಾಗದಲ್ಲಿ ಬೇರು ಕಪ್ಪಾಗುವುದು: ನಾಳ ಬೇರಿನಲ್ಲಿ ತೋಡು ಮಾಡಿಕೊಂಡಿದ್ದರೆ ಅಲ್ಲಿ ಹಲ್ಲಿನ ಗಟ್ಟಿ ಅಂಶ ಕಡಿಮೆ, ಕಿರಣಗಳು ಸುಲಭವಾಗಿ ಹಾಯುತ್ತವೆ. ಎರಡು, ಬಿಳಿಗೆರೆ ಬೇರಿನ ಅಗಲದಷ್ಟು ಕಡಿದುಹೋಗುವುದು: ನಾಳದ ಗೋಡೆ ಅಲ್ಲಿ ಸವೆದಿರಬಹುದು. ಮೂರು, ನೇರ ಬರುತ್ತಿದ್ದ ನಾಳ ಬೇರಿನ ಬಳಿ ದಿಕ್ಕು ಬದಲಿಸುವುದು.

ಇವೂ ಶಾಸನವಲ್ಲ. ನಾಲಿಗೆ ಕಡೆಯ ಮೂಳೆ ತೆಳುವಾಗಿದ್ದರೂ ಬೇರು ಕಪ್ಪಾಗಿ ಕಾಣುತ್ತದೆ. ಕೆಲವರಲ್ಲಿ ನಾಳದ ಬಿಳಿಗೆರೆ ಉದ್ದಕ್ಕೂ ಮಂದವಾಗಿಯೇ ಇರುತ್ತದೆ. ಅಂಥವರಲ್ಲಿ ಬೇರಿನ ಬಳಿ ಗೆರೆ ಇಲ್ಲದಿರುವುದಕ್ಕೆ ವಿಶೇಷ ಅರ್ಥವಿಲ್ಲ. ಹಾಗಾಗಿ ಅದೇ ನಾಳದ ಉಳಿದ ಭಾಗವನ್ನೂ ಎದುರು ಬದಿಯನ್ನೂ ಹೋಲಿಸಿ ನೋಡದೆ ಏನನ್ನೂ ಹೇಳಬಾರದು.

ದಂತ ಚಿಕಿತ್ಸಾಲಯಗಳಿಗೆ ಪದೇಪದೇ ಬರುವಂಥ ಒಂದು ಚಿತ್ರವನ್ನು ಕಲ್ಪಿಸಿಕೊಂಡು ಓದೋಣ. 26 ವರ್ಷದ ಯುವತಿ. ಕೆಳಗಿನ ಬಲಭಾಗದಲ್ಲಿ ಊಟ ಸಿಕ್ಕಿಹಾಕಿಕೊಂಡು ವಸಡು ಆಗಾಗ ಊದುತ್ತದೆ. ಎಡಭಾಗದಲ್ಲಿ ತೊಂದರೆಯಿಲ್ಲ. ಚಿತ್ರದಲ್ಲಿ 48 ಮುಂದಕ್ಕೆ ವಾಲಿ, ಅದರ ತಲೆ 47ರ ಬೆನ್ನಿಗೆ ಒತ್ತಿಕೊಂಡಿದೆ. ಆ ಸಂದಿಯಲ್ಲಿ, 47ರ ಹಿಂಬದಿಯಲ್ಲಿ ಒಂದು ಕಪ್ಪು ಗುಳಿ: ಹುಳುಕು ಶುರುವಾಗಿದೆ. ಕೆಳಗೆ 48ರ ಬೇರುಗಳನ್ನು ನಾಳ ಹಾಯುವಲ್ಲಿ ಮೇಲಿನ ಬಿಳಿಗೆರೆ ಮಾಯವಾಗಿದೆ, ಬೇರಿನ ಮೇಲೆ ಅಡ್ಡಲಾಗಿ ಕಪ್ಪು ಪಟ್ಟಿ ಬಿದ್ದಿದೆ. ಎದುರು ಬದಿಯ 38 ನೆಟ್ಟಗಿದೆ. ಅದರ ಬೇರು ನಾಳಕ್ಕಿಂತ ಮೇಲೇ ಮುಗಿದಿದೆ, ಗೆರೆಗಳು ಅಖಂಡವಾಗಿವೆ.

"ಹೇಗೂ ಒಂದು ಕೀಳುತ್ತೀರಲ್ಲ ಡಾಕ್ಟ್ರೇ, ಎರಡನ್ನೂ ತೆಗೆದುಬಿಡಿ" ಎಂದು ಇಂಥಲ್ಲಿ ಮನೆಯವರು ಕೇಳುವುದು ಸಹಜ. 38ನ್ನು ಬಿಡುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ರೋಗವಿಲ್ಲದ ಬುದ್ಧಿಹಲ್ಲನ್ನು ಮುನ್ನೆಚ್ಚರಿಕೆಯೆಂದು ಕೀಳಬಾರದೆಂದು ಬ್ರಿಟನ್ನಿನ ನೈಸ್ ಸಂಸ್ಥೆ 2000ದಲ್ಲೇ ಮಾರ್ಗಸೂಚಿ ಕೊಟ್ಟಿದೆ. ಆದರೆ ಬಿಟ್ಟ ಹಲ್ಲನ್ನು ಮರೆಯಬಾರದು, ನಿಯಮಿತವಾಗಿ ತೋರಿಸುತ್ತಿರಬೇಕು. 48ರ ಮಾತು ಬೇರೆ. ಅದನ್ನು ಹಾಗೇ ಬಿಟ್ಟರೆ ಅಗಿಯಲು ಬೇಕಾದ 47 ಕೈತಪ್ಪುತ್ತದೆ.

ಇಲ್ಲಿ ಸಿಬಿಸಿಟಿ ಎಂಬ ಮೂರು ಆಯಾಮದ ಸ್ಕ್ಯಾನಿಗೆ ಅರ್ಥವಿದೆ. ಓಪಿಜಿ ಹೇಳಲಾಗದ ಆಳವನ್ನು ಅದು ಹೇಳುತ್ತದೆ. ಈ ಯುವತಿಯ ಸ್ಕ್ಯಾನಿನಲ್ಲಿ ನಾಳ ಬೇರಿನ ನಾಲಿಗೆ ಕಡೆಗಿದೆ, ಬೇರಿಗೂ ಒಳಗಿನ ಮೂಳೆಗೂ ನಡುವೆ ಅಮುಕಿಕೊಂಡಿದೆ, ನಡುವಿನ ಗೋಡೆ ಕೆಲವು ಮಿಲಿಮೀಟರಿನಷ್ಟು ಇಲ್ಲವೇ ಇಲ್ಲ ಎಂದುಕೊಳ್ಳಿ. ಬೇರನ್ನು ಮೀಟಿ ಎಬ್ಬಿಸುವಾಗ ನರಕ್ಕೆ ಪಕ್ಕಕ್ಕೆ ಸರಿಯಲು ಜಾಗವಿಲ್ಲ. ಹಾಗೆಂದು ಎಲ್ಲರಿಗೂ ಈ ಸ್ಕ್ಯಾನ್ ಬೇಕಿಲ್ಲ. ಓಪಿಜಿಗಿಂತ ಖರ್ಚೂ ವಿಕಿರಣವೂ ಹೆಚ್ಚು, ಮತ್ತು ಸ್ಕ್ಯಾನ್ ತೆಗೆಸಿದ ಮಾತ್ರಕ್ಕೆ ನರದ ಗಾಯಗಳು ಕಡಿಮೆಯಾದವೆಂದು ಅಧ್ಯಯನಗಳಲ್ಲಿ ಸಾಬೀತಾಗಿಲ್ಲ. ಶಸ್ತ್ರಕ್ರಿಯೆಯ ಯೋಜನೆ ಬದಲಾಗುವಂತಿದ್ದರೆ ಮಾತ್ರ ಅದು ಸಾರ್ಥಕ.

ಇಲ್ಲಿ ಯೋಜನೆ ಬದಲಾಗುತ್ತದೆ. ಇಡೀ ಹಲ್ಲು ಕೀಳುವ ಬದಲು ತಲೆಯನ್ನಷ್ಟೇ ಕತ್ತರಿಸಿ ತೆಗೆದು, ಬೇರುಗಳನ್ನು ಮೂಳೆಯ ಅಂಚಿಗಿಂತ ಸುಮಾರು 3 ಮಿಲಿಮೀಟರ್ ಕೆಳಗಿರುವಂತೆ ಸವರಿ, ಅಲ್ಲೇ ಬಿಟ್ಟು ವಸಡು ಹೊಲಿಯಬಹುದು. ಇದಕ್ಕೆ ಕೊರೊನೆಕ್ಟಮಿ ಎಂದು ಹೆಸರು. 47ಕ್ಕೆ ಒತ್ತುತ್ತಿದ್ದ ಭಾಗ ಹೋಯಿತು, ನರವನ್ನು ಮುಟ್ಟಿದ್ದಿಲ್ಲ. ಉಳಿದ ಬೇರು ಮೊದಲ ತಿಂಗಳುಗಳಲ್ಲಿ ತಾನಾಗಿ ಸ್ವಲ್ಪ ಮೇಲೆ ಸರಿಯುವುದು ಸಾಮಾನ್ಯ. ಕೆಲವರಿಗೆ ಮುಂದೆ ಅದನ್ನೂ ತೆಗೆಯಬೇಕಾಗುತ್ತದೆ, ಆದರೆ ಅಷ್ಟರಲ್ಲಿ ಅದು ನರದಿಂದ ದೂರ ಬಂದಿರುತ್ತದೆ. ಬೇರಿನಲ್ಲಿ ಸೋಂಕಿದ್ದರೆ, ಹಲ್ಲು ಅಲುಗಾಡುತ್ತಿದ್ದರೆ, ಹುಳುಕು ಹಲ್ಲಿನ ಒಳನರಕ್ಕೆ ಇಳಿದಿದ್ದರೆ ಈ ದಾರಿ ಸಲ್ಲದು. ಹಲ್ಲು ನಾಳದ ಉದ್ದಕ್ಕೂ ಅಡ್ಡ ಮಲಗಿದ್ದರೆ ಕತ್ತರಿಸುವುದೇ ನರಕ್ಕೆ ಅಪಾಯವಾಗಬಹುದು.

ಕೀಳಿಸುವ ಮುನ್ನ ನಿಮ್ಮ ಓಪಿಜಿಯನ್ನು ವೈದ್ಯರ ಮುಂದಿಟ್ಟು, ನಾಳ ಎಲ್ಲಿದೆ ತೋರಿಸಿ, ಬೇರಿನ ಬಳಿ ಅದರ ಬಿಳಿಗೆರೆ ಉಳಿದಿದೆಯೇ ಎಂದು ಕೇಳಿ. ಒಳ್ಳೆಯ ವೈದ್ಯರು ಬೆರಳಿಟ್ಟು ತೋರಿಸುತ್ತಾರೆ. ಹಲ್ಲು ಕಿತ್ತ ಮೇಲೆ ಮರಗಟ್ಟಿಸುವ ಇಂಜೆಕ್ಷನ್ನಿನ ಪರಿಣಾಮ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಮರುದಿನ ಬೆಳಿಗ್ಗೆಯೂ ತುಟಿ ಅಥವಾ ಗದ್ದ ಜೋಮು ಹಿಡಿದೇ ಇದ್ದರೆ, ಹೊಲಿಗೆ ಬಿಚ್ಚುವ ದಿನದವರೆಗೆ ಕಾಯಬೇಡಿ. ಅದೇ ದಿನ ವೈದ್ಯರಿಗೆ ಫೋನ್ ಮಾಡಿ ತಿಳಿಸಿ.