‘ಡಾಕ್ಟ್ರು ಬಂದ್ರಾ?’ ಎಂದವರಿಗೆ ಯಂತ್ರ ಏನು ಹೇಳಬೇಕು

“ನಮಸ್ಕಾರ. ನಮ್ಮ ಕ್ಲಿನಿಕ್‌ಗೆ ಕರೆ ಮಾಡಿದ್ದಕ್ಕಾಗಿ ಧನ್ಯವಾದಗಳು. ನಿಮ್ಮ ಕರೆ ನಮಗೆ ಅತ್ಯಮೂಲ್ಯವಾದುದು. ಅತ್ಯಾಧುನಿಕ ಉಪಕರಣಗಳು ಹಾಗೂ ನುರಿತ ತಜ್ಞರ ತಂಡದೊಂದಿಗೆ ನಿಮ್ಮ ಸೇವೆಗೆ ನಾವು ಸದಾ ಬದ್ಧರಾಗಿದ್ದೇವೆ. ಗುಣಮಟ್ಟದ ಉದ್ದೇಶಕ್ಕಾಗಿ ಈ ಕರೆಯನ್ನು ದಾಖಲಿಸಿಕೊಳ್ಳಲಾಗುವುದು. ದಯವಿಟ್ಟು ಕೆಳಗಿನ ಆಯ್ಕೆಗಳನ್ನು ಗಮನವಿಟ್ಟು ಆಲಿಸಿ.”

ಗಡಿಯಾರ ಹಿಡಿದುಕೊಂಡು ಇದನ್ನು ಗಟ್ಟಿಯಾಗಿ ಓದಿದರೆ 20 ಸೆಕೆಂಡು ದಾಟುತ್ತದೆ. ಇಷ್ಟೂ ಹೊತ್ತು ಫೋನ್ ಮಾಡಿದವರ ಕೆಲಸ ಒಂದಿಷ್ಟೂ ಮುಂದೆ ಹೋಗಿಲ್ಲ. ‘ಕೆಳಗಿನ ಆಯ್ಕೆಗಳು’ ಎಂಬ ಮಾತಂತೂ ಕಾಗದದ ಮೇಲಿನದು, ಕಿವಿಗೆ ಮೇಲೂ ಇಲ್ಲ ಕೆಳಗೂ ಇಲ್ಲ. ಜ್ವರದ ಮಗುವನ್ನು ತೊಡೆಯ ಮೇಲಿಟ್ಟುಕೊಂಡವರಿಗೆ ಬೇಕಾದದ್ದು ಒಂದೇ ಸುದ್ದಿ: ಡಾಕ್ಟ್ರು ಬಂದ್ರಾ, ಇಲ್ವಾ?

ದೊಡ್ಡ ಆಸ್ಪತ್ರೆಗಳಲ್ಲಿದ್ದ ಈ ಉತ್ತರಿಸುವ ಯಂತ್ರ ಈಗ ಸಣ್ಣ ಕ್ಲಿನಿಕ್‌ಗಳಿಗೂ ಬಂದಿದೆ. ತಿಂಗಳ ಬಾಡಿಗೆಗೆ ಕೊಡುವ ಕಂಪನಿಗಳಿವೆ. ಯಂತ್ರದ ಜೊತೆಗೆ ಒಂದು ಸಿದ್ಧ ಮಾತಿನ ಪಟ್ಟಿಯೂ ಬರುತ್ತದೆ, ಕ್ಲಿನಿಕ್‌ನ ಹೆಸರು ತುಂಬಿಸಿ ಅದನ್ನೇ ಹಾಕಿಬಿಡುತ್ತಾರೆ. ಅದು ಬ್ಯಾಂಕಿಗೋ ವಿಮಾ ಕಂಪನಿಗೋ ಬರೆದ ಮಾತು. ಇಬ್ಬರು ಡಾಕ್ಟರು, ಕೌಂಟರ್‌ನಲ್ಲಿ ಒಬ್ಬ ಹುಡುಗಿ, ಪಕ್ಕದಲ್ಲೇ ರಕ್ತಪರೀಕ್ಷೆಯ ಕೋಣೆ ಇರುವ ಜಾಗಕ್ಕೆ ಅದು ಒಗ್ಗುವುದಿಲ್ಲ.

ತುಮಕೂರಿನಂಥ ಊರಿನಲ್ಲಿ ಅಂಥದೊಂದು ಕ್ಲಿನಿಕ್ ಇದೆ ಎಂದಿಟ್ಟುಕೊಂಡು, ಅದಕ್ಕೆ ಮಾತು ಬರೆದು ನೋಡಬಹುದು. ಮೊದಲ ಕೆಲಸ ಬರೆಯುವುದಲ್ಲ, ಎಣಿಸುವುದು. ಕೌಂಟರ್‌ನಲ್ಲಿ ಒಂದು ನೋಟ್‌ಬುಕ್ ಇಟ್ಟು, ಒಂದು ವಾರ ಬಂದ ಪ್ರತಿ ಕರೆಗೂ ಒಂದು ಗೆರೆ ಎಳೆಯಬೇಕು: ಏನು ಕೇಳಿದರು? ಗೆರೆಗಳು ಹೆಚ್ಚಾಗಿ ಸೇರುವುದು ನಾಲ್ಕೈದು ಕಡೆಯಲ್ಲೇ. ಡಾಕ್ಟರು ಇದ್ದಾರಾ, ಟೋಕನ್ ಸಿಗುತ್ತಾ, ಎಷ್ಟನೇ ನಂಬರ್ ನಡೀತಿದೆ, ರಿಪೋರ್ಟ್ ಬಂತಾ, ಬರೆದುಕೊಟ್ಟ ಮಾತ್ರೆ ಊಟಕ್ಕೆ ಮುಂಚೆಯೋ ಆಮೇಲೋ. ‘ನಮ್ಮ ಸೇವೆಗಳ ಬಗ್ಗೆ ತಿಳಿಯಲು’ ಎಂಬ ಗುಂಡಿ ಯಾರಿಗೂ ಬೇಡ ಎನ್ನುವುದು ಈ ಗೆರೆಗಳಿಂದಲೇ ಗೊತ್ತಾಗಿಬಿಡುತ್ತದೆ.

ಎಲ್ಲಕ್ಕಿಂತ ಹೆಚ್ಚು ಬರುವ ಪ್ರಶ್ನೆಗೆ ಗುಂಡಿಯೇ ಬೇಡ. ಉತ್ತರವನ್ನು ಪಟ್ಟಿಗಿಂತ ಮೊದಲೇ ಹೇಳಿಬಿಟ್ಟರೆ ಬಹಳ ಜನ ಅಲ್ಲಿಗೇ ಫೋನ್ ಇಡುತ್ತಾರೆ. ನಮ್ಮ ಕ್ಲಿನಿಕ್‌ನ ಮಾತು ಹೀಗೆ ಶುರುವಾಗಬಹುದು:

“ನಮಸ್ಕಾರ. ಇದು ಕ್ಲಿನಿಕ್‌ನ ರೆಕಾರ್ಡ್ ಮಾಡಿದ ಧ್ವನಿ. ಎದೆನೋವು, ಉಸಿರಾಟದ ತೊಂದರೆ, ಎಚ್ಚರ ತಪ್ಪುವಂಥ ತುರ್ತು ಇದ್ದರೆ ಇಲ್ಲಿ ಕಾಯಬೇಡಿ, ನೂರಾ ಎಂಟಕ್ಕೆ ಫೋನ್ ಮಾಡಿ. ಡಾಕ್ಟರು ಇವತ್ತು ಸಂಜೆ ಐದೂವರೆ ಗಂಟೆಯಿಂದ ಎಂಟೂವರೆ ಗಂಟೆವರೆಗೆ ಇರುತ್ತಾರೆ.”

ಇಲ್ಲಿ ‘ನಮಸ್ಕಾರ’ಕ್ಕೆ ಮರ್ಯಾದೆಯ ಜೊತೆಗೆ ಇನ್ನೊಂದು ಕೆಲಸವೂ ಇದೆ. ರಿಂಗ್ ನಿಂತ ಕ್ಷಣದಲ್ಲಿ ಕೆಲವರು ಇನ್ನೂ ಫೋನನ್ನು ಕಿವಿಗೆ ತರುತ್ತಿರುತ್ತಾರೆ. ಮೊದಲ ಅರ್ಧ ಸೆಕೆಂಡು ಮೌನ, ಆಮೇಲೆ ಒಂದು ನಮಸ್ಕಾರ ಇದ್ದರೆ ಕಳೆದುಹೋಗುವುದು ಅದೊಂದೇ, ವಿಷಯವಲ್ಲ. ‘ರೆಕಾರ್ಡ್ ಮಾಡಿದ ಧ್ವನಿ’ ಎಂದು ಕೂಡಲೇ ಹೇಳದಿದ್ದರೆ ವಯಸ್ಸಾದವರು “ಹಲೋ, ಹಲೋ, ಯಾರಮ್ಮಾ ಮಾತಾಡೋದು?” ಎಂದು ಅದರ ಮೇಲೆಯೇ ಮಾತಾಡುತ್ತಾ ಹೋಗುತ್ತಾರೆ. ಹೇಳಿದ್ದೊಂದೂ ಅವರ ಕಿವಿಗೆ ಬೀಳುವುದಿಲ್ಲ.

ತುರ್ತಿನ ಮಾತು ಮುಂದೆಯೇ ಬರಬೇಕು, ಆದರೆ ಒಂದೇ ವಾಕ್ಯದಲ್ಲಿ ಮುಗಿಯಬೇಕು. 2020ರ ಮಾರ್ಚ್‌ನಲ್ಲಿ ಯಾರಿಗೆ ಫೋನ್ ಮಾಡಿದರೂ ಮೊದಲು ಕೆಮ್ಮಿನ ಸದ್ದು, ಹಿಂದೆಯೇ ಕೊರೊನಾ ಎಚ್ಚರಿಕೆ ಕೇಳುತ್ತಿದ್ದದ್ದು ನೆನಪಿರಬಹುದು. ಮಾತೇನೋ ಬೇಕಾದದ್ದೇ ಆಗಿತ್ತು, ಆದರೆ ದಿನವೂ ಅದನ್ನು ದಾಟಿಕೊಂಡೇ ಹೋಗಬೇಕಾದಾಗ ಜನ ರೋಸಿಹೋದರು, ತುರ್ತು ಕರೆಗಳಿಗೂ ಅದು ತಡೆಯಾಗುತ್ತಿದೆ ಎಂಬ ದೂರುಗಳೂ ಬಂದವು. ಕ್ಲಿನಿಕ್‌ನಲ್ಲಿ ಇನ್ನೊಂದು ಅಪಾಯವೂ ಇದೆ. ‘ತುರ್ತಿಗೆ ಒಂದು ಒತ್ತಿ’ ಎಂದು ಹಾಕಿ, ಒತ್ತಿದ ಕರೆ ಮಧ್ಯಾಹ್ನ ಬೀಗ ಹಾಕಿದ ಕೌಂಟರ್‌ನಲ್ಲಿ ಸುಮ್ಮನೆ ರಿಂಗಾಗುತ್ತಿದ್ದರೆ ಅದು ಉಪಚಾರವಲ್ಲ, ಅನಾಹುತ. ಇಪ್ಪತ್ನಾಲ್ಕು ಗಂಟೆಯೂ ಎತ್ತುವವರಿಲ್ಲದ ಕಡೆ ಆ ಗುಂಡಿ ಇರಕೂಡದು.

ಇನ್ನು ಪಟ್ಟಿ:

“ಟೋಕನ್ ಬೇಕಿದ್ದರೆ ಒಂದು ಒತ್ತಿ. ರಿಪೋರ್ಟ್ ಬಂತೇ ಎಂದು ಕೇಳಲು ಎರಡು ಒತ್ತಿ. ಔಷಧಿಯ ಬಗ್ಗೆ ಅನುಮಾನವಿದ್ದರೆ ಮೂರು ಒತ್ತಿ. ನಮ್ಮ ಜೊತೆ ಮಾತಾಡಬೇಕಿದ್ದರೆ ಸೊನ್ನೆ ಒತ್ತಿ, ಇಲ್ಲವೇ ಹಾಗೆಯೇ ಲೈನಿನಲ್ಲಿರಿ.”

ವಿಷಯ ಮೊದಲು, ಅಂಕಿ ಆಮೇಲೆ. ‘ಒಂದು ಒತ್ತಿದರೆ ಟೋಕನ್’ ಎಂದು ತಿರುಗಿಸಿದರೆ ಕೇಳುವವರು ತಮಗೆ ಬೇಕೋ ಬೇಡವೋ ಗೊತ್ತಿಲ್ಲದ ಅಂಕಿಯನ್ನು ಮೊದಲೇ ತಲೆಯಲ್ಲಿಟ್ಟುಕೊಳ್ಳಬೇಕು. ವಿಷಯ ಮುಂದೆ ಬಂದರೆ, ತಮ್ಮದು ಬಂದಾಗಷ್ಟೇ ಕಿವಿ ನಿಮಿರುತ್ತದೆ, ಕೂಡಲೇ ಅಂಕಿ ಸಿಗುತ್ತದೆ. ಮನುಷ್ಯನ ನೆನಪು ಏಳು ವಿಷಯ ಹಿಡಿಯುತ್ತದೆ, ಆದ್ದರಿಂದ ಏಳು ಗುಂಡಿಯವರೆಗೂ ಸರಿ ಎಂದು ವಾದಿಸುವವರಿದ್ದಾರೆ. ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದ ಪ್ರಸಿದ್ಧ ಪ್ರಬಂಧವನ್ನು ಎಳೆದು ತಂದು ಹೇಳುವ ಮಾತಿದು. ಫೋನಿನಲ್ಲಿ ಯಾರೂ ಇಡೀ ಪಟ್ಟಿಯನ್ನು ನೆನಪಿಟ್ಟುಕೊಳ್ಳುವುದಿಲ್ಲ. ತಮ್ಮದಲ್ಲದ್ದನ್ನು ಅಲ್ಲಲ್ಲೇ ಬಿಟ್ಟು ಮುಂದೆ ಹೋಗುತ್ತಾರೆ. ಪಟ್ಟಿ ಚಿಕ್ಕದಿರಬೇಕಾದದ್ದು ನೆನಪಿನ ಭಯಕ್ಕಲ್ಲ, ಸಮಯದ ಲೆಕ್ಕಕ್ಕೆ. ಬಿಡುವು ಸೇರಿ ಒಂದೊಂದು ಸಾಲಿಗೂ ನಾಲ್ಕು ಸೆಕೆಂಡು ಹಿಡಿದರೆ, ಏಳನೆಯದನ್ನು ತಲುಪುವವರು ಅರ್ಧ ನಿಮಿಷದ ಹತ್ತಿರ ಕಾದಿರುತ್ತಾರೆ.

ಬರೆದದ್ದಕ್ಕಿಂತ ಬಿಟ್ಟದ್ದರಲ್ಲಿ ಹೆಚ್ಚು ಎಡವಟ್ಟಾಗುತ್ತದೆ, ಎಂದರೆ ಮೌನದಲ್ಲಿ. ‘ರಿಪೋರ್ಟ್ ಬಂತೇ ಎಂದು ಕೇಳಲು’ ಎಂದು ಹೇಳಿ, ಉಸಿರೆಳೆದುಕೊಂಡು, ‘ಎರಡು ಒತ್ತಿ ಔಷಧಿಯ ಬಗ್ಗೆ’ ಎಂದು ಒಂದೇ ಉಸಿರಿಗೆ ಓದಿದ ರೆಕಾರ್ಡಿಂಗ್‌ಗಳಿವೆ. ಕೇಳಿದವರಿಗೆ ಎರಡು ಎಂಬುದು ಔಷಧಿಗೆ ಸೇರಿದಂತೆ ಕೇಳಿಸುತ್ತದೆ, ಒತ್ತಿದರೆ ರಿಪೋರ್ಟ್ ಕಡೆಗೆ ಹೋಗುತ್ತಾರೆ. ವಿಷಯಕ್ಕೂ ಅದರ ಅಂಕಿಗೂ ನಡುವೆ ಬಿಡುವು ಕಂಡೂ ಕಾಣದಷ್ಟಿರಬೇಕು. ಒಂದು ಸಾಲು ಮುಗಿದು ಇನ್ನೊಂದು ಶುರುವಾಗುವ ನಡುವೆ ಮುಕ್ಕಾಲು ಸೆಕೆಂಡಿನಿಂದ ಒಂದು ಸೆಕೆಂಡು ಬೇಕು. ಓದುವ ಕಾಗದದಲ್ಲೇ ಇದನ್ನು ಗುರುತು ಹಾಕಿಡುವುದು ಒಳ್ಳೆಯದು: ಸಾಲಿನ ಕೊನೆಗೆ ಎರಡು ಅಡ್ಡಗೆರೆ, ಸಾಲಿನೊಳಗೆ ಯಾವ ಗುರುತೂ ಬೇಡ.

ಪಟ್ಟಿ ಮುಗಿದ ಮೇಲಿನ ಮೌನ ಇನ್ನೂ ದೊಡ್ಡದು. ಗುಂಡಿಗಳಿದ್ದ ಹಳೆಯ ಫೋನಿನಲ್ಲಿ ಬೆರಳು ಅಲ್ಲೇ ಇರುತ್ತಿತ್ತು. ಸ್ಮಾರ್ಟ್‌ಫೋನ್ ಕಿವಿಗೆ ಹತ್ತಿರ ಬಂದ ಕೂಡಲೇ ಪರದೆ ಕಪ್ಪಾಗುತ್ತದೆ. ಒತ್ತಬೇಕಾದವರು ಅದನ್ನು ಕಿವಿಯಿಂದ ತೆಗೆದು, ಪರದೆ ಬೆಳಗುವವರೆಗೆ ಕಾದು, ಅಂಕಿಗಳ ಚಿತ್ರ ಎಲ್ಲಿದೆ ಎಂದು ಹುಡುಕಿ, ಕನ್ನಡಕ ಹಾಕಿಕೊಂಡು ಒತ್ತಬೇಕು. ಇಷ್ಟರಲ್ಲಿ ಮೂರು ಸೆಕೆಂಡಿಗೇ ಯಂತ್ರ “ಕ್ಷಮಿಸಿ, ನೀವು ಯಾವುದೇ ಆಯ್ಕೆಯನ್ನು ನಮೂದಿಸಿಲ್ಲ” ಎಂದರೆ ಅವರು ಗಾಬರಿಯಾಗಿ ಮತ್ತೆ ಫೋನನ್ನು ಕಿವಿಗೆ ಒಯ್ಯುತ್ತಾರೆ, ಪರದೆ ಮತ್ತೆ ಕಪ್ಪು. ಕ್ಲಿನಿಕ್‌ಗೆ ಏಳೆಂಟು ಸೆಕೆಂಡು ಕಾಯುವುದೇ ಸರಿ. ಇನ್ನೊಂದು ಕಡೆ, ಗೊತ್ತಿದ್ದವರು ಮಾತಿನ ನಡುವೆಯೇ ಒಂದು ಒತ್ತಿದರೆ ಯಂತ್ರ ಆ ಕೂಡಲೇ ಮಾತು ನಿಲ್ಲಿಸಬೇಕು. ಪೂರ್ತಿ ಕೇಳಿದ ಮೇಲೆಯೇ ಒತ್ತಬೇಕೆಂಬ ಏರ್ಪಾಡನ್ನು ತೆಗೆಸಬಹುದು, ಅದು ಸಾಮಾನ್ಯವಾಗಿ ಒಂದು ಟಿಕ್ ಗುರುತಿನ ಕೆಲಸ.

ಆಮೇಲೂ ಯಾರೂ ಏನೂ ಒತ್ತದಿದ್ದರೆ? ಆರಂಭದ ಮಾತು ಬಿಟ್ಟು ಪಟ್ಟಿಯನ್ನಷ್ಟೇ ಮತ್ತೊಮ್ಮೆ ಹೇಳಿ, ಮತ್ತೂ ಸುಮ್ಮನಿದ್ದರೆ “ಕೌಂಟರ್‌ಗೆ ಕೊಡುತ್ತೇನೆ, ಲೈನಿನಲ್ಲಿರಿ” ಎಂದು ಕರೆಯನ್ನು ದಾಟಿಸಬೇಕು. ಇಲ್ಲದ ಅಂಕಿ ಒತ್ತಿದವರಿಗೆ ‘ತಪ್ಪು ಆಯ್ಕೆ’ ಎನ್ನುವ ಬದಲು “ಆ ನಂಬರ್ ಇಲ್ಲಿಲ್ಲ, ಇನ್ನೊಮ್ಮೆ ಹೇಳುತ್ತೇನೆ” ಎಂದರೆ ಸಾಕು, ಯಾರೂ ಪರೀಕ್ಷೆಗೆ ಕೂತಿಲ್ಲ.

ವಿನಯವೆಂದರೆ ಸಾಲಿಗೊಂದು ‘ದಯವಿಟ್ಟು’ ಎಂದುಕೊಂಡವರು ಬಹಳ. ನಾಲ್ಕು ಸಾಲಿಗೆ ನಾಲ್ಕು ‘ದಯವಿಟ್ಟು’ ಸೇರಿದರೆ ಎರಡು ಮೂರು ಸೆಕೆಂಡು ಹೆಚ್ಚುತ್ತದೆ, ಕೊನೆಕೊನೆಗೆ ಅದು ಕಿವಿಗೂ ಬೀಳುವುದಿಲ್ಲ. ಬಹುವಚನದ ‘ಒತ್ತಿ’ಯಲ್ಲಿ ಮರ್ಯಾದೆ ಇದ್ದೇ ಇದೆ. ‘ದಯವಿಟ್ಟು’ ಬೇಕಾದದ್ದು ಕ್ಲಿನಿಕ್ ನಿಜವಾಗಿ ತೊಂದರೆ ಕೊಡುವ ಕಡೆ: “ಕೌಂಟರ್‌ನಲ್ಲಿ ಈಗ ಪೇಷಂಟ್‌ಗಳಿದ್ದಾರೆ, ದಯವಿಟ್ಟು ಎರಡು ನಿಮಿಷ ಕಾಯಿರಿ.” ಎರಡು ನಿಮಿಷ ಎಂದಮೇಲೆ ಎರಡೇ ನಿಮಿಷ. ಅಷ್ಟರೊಳಗೆ ಯಾರೂ ಎತ್ತದಿದ್ದರೆ “ನಿಮ್ಮ ನಂಬರ್ ನಮ್ಮಲ್ಲಿದೆ, ನಾವೇ ಫೋನ್ ಮಾಡುತ್ತೇವೆ” ಎಂದು ಮುಗಿಸಬಹುದು. ಸಂಜೆ ಆ ನಂಬರ್‌ಗಳಿಗೆ ಫೋನ್ ಮಾಡಲು ಜನ ಇದ್ದರೆ ಮಾತ್ರ.

‘ಎಷ್ಟನೇ ನಂಬರ್ ನಡೀತಿದೆ’ ಎಂಬ ಪ್ರಶ್ನೆಗೂ ಯಂತ್ರವೇ ಉತ್ತರಿಸಬಲ್ಲದು. ಅಂಕಿಗಳನ್ನು ಬೇರೆಬೇರೆಯಾಗಿ ರೆಕಾರ್ಡ್ ಮಾಡಿ, ಬೇಕಾದಾಗ ವಾಕ್ಯದೊಳಗೆ ಜೋಡಿಸುತ್ತಾರೆ. ಕನ್ನಡದಲ್ಲಿ ಇದಕ್ಕೊಂದು ತೊಡಕಿದೆ: ಅಂಕಿಗೆ ಪ್ರತ್ಯಯ ಹತ್ತಿದರೆ ರೂಪವೇ ಬದಲಾಗುತ್ತದೆ. ‘ಇಪ್ಪತ್ತೇಳನೇ ಟೋಕನ್’, ‘ಐದಕ್ಕೆ ಬನ್ನಿ’ ಎಂದು ಬರೆದರೆ ಪ್ರತಿ ಅಂಕಿಗೂ ಎರಡು ಮೂರು ರೆಕಾರ್ಡಿಂಗ್ ಬೇಕು. “ಈಗ ನಡೆಯುತ್ತಿರುವ ಟೋಕನ್, ಇಪ್ಪತ್ತೇಳು”, “ಐದು ಗಂಟೆಗೆ ಬನ್ನಿ” ಎಂದು ವಾಕ್ಯ ಬದಲಿಸಿದರೆ ಒಂದೇ ರೂಪ ಸಾಕು. ಕೊನೆಯಲ್ಲಿ ಬರುವ ಅಂಕಿಯನ್ನು ದನಿ ಇಳಿಸಿ ಓದಿರಬೇಕು, ಇಲ್ಲದಿದ್ದರೆ ಇನ್ನೇನೋ ಬರುವುದಿದೆ ಎಂದು ಜನ ಕಾಯುತ್ತಾರೆ.

ರಿಪೋರ್ಟ್ ವಿಷಯದಲ್ಲಿ ಮಾತ್ರ ಯಂತ್ರ ಬಾಯಿ ಬಿಗಿಹಿಡಿಯಬೇಕು. ಮನೆಯಲ್ಲಿ ಒಂದೇ ಫೋನು, ನಾಲ್ಕು ಕಿವಿ. ‘ರಿಪೋರ್ಟ್ ಬಂದಿದೆ, ಬಂದು ತೆಗೆದುಕೊಂಡು ಹೋಗಿ’ ಎನ್ನಬಹುದು, ಯಾವ ಪರೀಕ್ಷೆಯದು, ಏನು ಬಂದಿದೆ ಎನ್ನಬಾರದು.

ರೆಕಾರ್ಡ್ ಮಾಡಿದ್ದನ್ನು ಒಳ್ಳೆಯ ಸ್ಪೀಕರಿನಲ್ಲಿ ಕೇಳಿ ಒಪ್ಪಿಕೊಳ್ಳುವುದು ಇನ್ನೊಂದು ಎಡವಟ್ಟು. ಸಾಮಾನ್ಯ ಫೋನ್ ಲೈನು ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಸದ್ದನ್ನಷ್ಟೇ ಸಾಗಿಸುತ್ತದೆ, ಸ, ಫ ಅಕ್ಷರಗಳ ಗುರುತು ಹೆಚ್ಚಾಗಿ ಅದರ ಮೇಲಿರುತ್ತದೆ. ಹಿನ್ನೆಲೆಯಲ್ಲಿ ವೀಣೆ ನುಡಿಸಿದರಂತೂ ಅಳಿದುಳಿದದ್ದೂ ಮಸುಕಾಗುತ್ತದೆ. ಆದ್ದರಿಂದ ಬಸ್‌ಸ್ಟ್ಯಾಂಡಿನಲ್ಲಿ ನಿಂತು, ಹಳೆಯ ಗುಂಡಿ ಫೋನಿನಿಂದಲೂ ಸ್ಮಾರ್ಟ್‌ಫೋನಿನಿಂದಲೂ ಕರೆ ಮಾಡಿ ಕೇಳಬೇಕು. ಎಪ್ಪತ್ತು ದಾಟಿದ ಒಬ್ಬರ ಕೈಗೆ ಫೋನ್ ಕೊಟ್ಟು, ಏನೂ ಹೇಳಿಕೊಡದೆ ಪಕ್ಕದಲ್ಲಿ ಕೂತು ನೋಡಿದರೆ ಎಲ್ಲಿ ತಡವರಿಸುತ್ತಾರೆ ಎಂಬುದು ಕಣ್ಣಿಗೇ ಕಾಣುತ್ತದೆ.

ಶುರುವಾದ ಮೇಲೆ ಯಂತ್ರದ ದಾಖಲೆ ಉಳಿದದ್ದನ್ನು ಹೇಳುತ್ತದೆ. ಬಹಳ ಜನ ಡಾಕ್ಟರ ಸಮಯ ಕೇಳಿದ ಕೂಡಲೇ ಫೋನ್ ಇಟ್ಟಿದ್ದರೆ ಅದು ಸೋಲಲ್ಲ, ಅವರ ಕೆಲಸ ಆಗಿದೆ. ಆದರೆ ಎರಡು ಒತ್ತಿದವರು ಹತ್ತು ಸೆಕೆಂಡಿನಲ್ಲೇ ಕರೆ ಕಡಿದು, ಮತ್ತೆ ಮಾಡಿ ಸೊನ್ನೆ ಒತ್ತುತ್ತಿದ್ದರೆ ರಿಪೋರ್ಟಿನ ಸಾಲು ಅವರಿಗೆ ಅರ್ಥವಾಗಿಲ್ಲ. ದಾಖಲೆಯಲ್ಲಿ ಕಾಣದ ಒಂದು ತಪ್ಪೂ ಇದೆ: ಯುಗಾದಿಗೆ ಹಾಕಿದ ‘ಇವತ್ತು ಕ್ಲಿನಿಕ್ ರಜೆ’ ಎಂಬ ಮಾತು ಹಬ್ಬ ಮುಗಿದು ವಾರವಾದರೂ ಕೇಳಿಸುತ್ತಿರುತ್ತದೆ. ‘ಇವತ್ತು’ ಎನ್ನುವ ಬದಲು ವಾರ, ತಾರೀಕು ಹೇಳಿ, ಆ ರೆಕಾರ್ಡಿಂಗ್ ಯಾವ ದಿನ ನಿಲ್ಲಬೇಕೆಂದು ಹಾಕುವಾಗಲೇ ಯಂತ್ರದಲ್ಲಿ ನಮೂದಿಸಿಬಿಡಬೇಕು. ಅಂಥ ಸೌಲಭ್ಯ ಇಲ್ಲದಿದ್ದರೆ ಕೌಂಟರ್‌ನ ಕ್ಯಾಲೆಂಡರಿನಲ್ಲಿ ಮಾರನೆಯ ದಿನದ ಚೌಕಕ್ಕೆ ಕೆಂಪು ಪೆನ್ನಿನಲ್ಲಿ ‘ಫೋನ್ ಮಾತು ಬದಲಿಸು’ ಎಂದು ಬರೆದಿಟ್ಟುಕೊಳ್ಳಬೇಕು.